ಹದಿನಾಲ್ಕು ಪುಟದ ಎಸ್‌ಒಪಿ, ಒಂದು ಪುಟದ ಚೀಟಿ



ಕಳೆದ ಸಂಚಿಕೆಯಲ್ಲಿ ಸಂಪಾದಕರು "ನಿಮ್ಮ ನಿಮ್ಮ ಕೆಲಸದ ಬಗ್ಗೆಯೂ ಬರೆಯಿರಿ, ಬರೀ ಪ್ರವಾಸ ಕಥನ ಬೇಡ" ಅಂತ ಕೇಳಿದ್ದರು. ನನ್ನ ಕೆಲಸದಲ್ಲಿ ಬರೆಯುವಂಥದ್ದು ಏನಿದೆ ಅಂತ ಸುಮ್ಮನಿದ್ದೆ. ನಾನು ಚೀಸ್ ತುರಿದು ಪ್ಯಾಕೆಟ್ ಮಾಡುವ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು. ನಮ್ಮಲ್ಲಿ ಹೆಚ್ಚಿನವರು ಸಾಫ್ಟ್‌ವೇರ್‌ನವರು, ಅವರಿಗೆ ಇದೆಲ್ಲ ಏನು ರುಚಿಸೀತು ಅಂದುಕೊಂಡಿದ್ದೆ. ಆದರೆ ಹೋದ ತಿಂಗಳು ಹೆಲ್ಡರ್‌ಲಾಂಡ್‌ಪ್ಲೇನ್‌ನಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಒಬ್ಬ ಗೆಳೆಯರು, "ನಮ್ಮ ವೇರ್‌ಹೌಸಿಗೆ ಹೊಸ ಹುಡುಗರು ಬಂದಿದ್ದಾರೆ, ಎಸ್‌ಒಪಿನ ಒಂದು ಪುಟಕ್ಕೆ ಇಳಿಸಿ ಗೋಡೆಗೆ ಅಂಟಿಸಬೇಕಂತೆ, ಅರ್ಧ ದಿನದ ಕೆಲಸ ಅಲ್ವಾ?" ಅಂದರು. ಅಲ್ಲ ಸ್ವಾಮಿ, ಅರ್ಧ ದಿನದ ಕೆಲಸ ಅಲ್ಲ! ನನಗೆ ಅದಕ್ಕೆ ಐದು ವಾರ ಹಿಡಿಯಿತು. ಯಾಕೆ ಹಿಡಿಯಿತು ಅಂತ ಹೇಳಲು ಈ ಬರಹ.

ಎಸ್‌ಒಪಿ ಅಂದರೆ ಗೊತ್ತಲ್ಲ, ಒಂದು ಕೆಲಸವನ್ನು ಹೇಗೆ ಮಾಡಬೇಕು ಅಂತ ಕಂಪನಿ ಬರೆದಿಟ್ಟ ಅಧಿಕೃತ ವಿಧಾನ. ನಾನು ಹೇಳುವ ಎಸ್‌ಒಪಿ ಮೆಟಲ್ ಡಿಟೆಕ್ಟರ್ ಪರೀಕ್ಷೆಯದ್ದು. ತುರಿದ ಚೀಸ್ ಪ್ಯಾಕೆಟ್ ಆಗಿ ಬೆಲ್ಟಿನ ಮೇಲೆ ಬರುತ್ತದೆ, ಒಂದು ಚೌಕಟ್ಟಿನ ಬಾಯಿಯೊಳಗೆ ತೂರಿ ಹೋಗುತ್ತದೆ. ಒಳಗೆ ಲೋಹದ ಚೂರೇನಾದರೂ ಇದ್ದರೆ ಯಂತ್ರ ಗುರುತಿಸಿ, ಗಾಳಿಯ ಒತ್ತಡದಿಂದ ಚಲಿಸುವ ಒಂದು ತಳ್ಳುಗೋಲಿನಿಂದ ಆ ಪ್ಯಾಕೆಟ್ಟನ್ನು ಬೀಗ ಹಾಕಿದ ಕೆಂಪು ಡಬ್ಬಕ್ಕೆ ನೂಕುತ್ತದೆ. ಯಂತ್ರ ಸರಿಯಾಗಿದೆಯೋ ಇಲ್ಲವೋ ಅಂತ ಗಂಟೆಗೊಮ್ಮೆ ಪರೀಕ್ಷೆ ಮಾಡಬೇಕು. ಅದಕ್ಕೆ ಮೂರು ಪ್ಲಾಸ್ಟಿಕ್ ಕಾರ್ಡುಗಳಿವೆ, ಒಂದೊಂದರಲ್ಲೂ ಒಂದು ಪುಟ್ಟ ಗುಂಡು. ನಮ್ಮ ಲೈನಿನಲ್ಲಿ ಕಬ್ಬಿಣದ್ದು 2 ಮಿಲಿಮೀಟರ್, ಹಿತ್ತಾಳೆಯದ್ದು 2.5, ಸ್ಟೇನ್‌ಲೆಸ್ ಸ್ಟೀಲಿನದ್ದು 3.5. ಸ್ಟೇನ್‌ಲೆಸ್ ಗುಂಡು ಯಾಕೆ ದೊಡ್ಡದು ಅಂದರೆ, ಆಹಾರ ಯಂತ್ರಗಳಲ್ಲಿ ಬಳಸುವ ಸ್ಟೇನ್‌ಲೆಸ್ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ವಿದ್ಯುತ್ತನ್ನೂ ಚೆನ್ನಾಗಿ ಹರಿಯಬಿಡುವುದಿಲ್ಲ. ಡಿಟೆಕ್ಟರಿಗೆ ಅದು ಕಾಣಿಸುವುದೇ ಕಷ್ಟ. ವಿಪರ್ಯಾಸ ನೋಡಿ, ನಮ್ಮ ತುರಿಯುವ ಬ್ಲೇಡು, ಜರಡಿ ಎಲ್ಲಾ ಸ್ಟೇನ್‌ಲೆಸ್. ಮುರಿದು ಬಿದ್ದರೆ ಅದೇ ಬೀಳುವುದು.

ಇಷ್ಟಕ್ಕೆ ಹದಿನಾಲ್ಕು ಪುಟ. ಉದ್ದೇಶ, ವ್ಯಾಪ್ತಿ, ಹೊಣೆಗಾರಿಕೆ, ವ್ಯಾಖ್ಯೆಗಳು ಅಂತ ಐದು ಪುಟ ಕಳೆದ ಮೇಲೆ ಆರನೆಯದರಲ್ಲಿ ಕೆಲಸ ಶುರು. ಉತ್ಪನ್ನ ಬದಲಾದಾಗ ಏನು ಮಾಡಬೇಕು ಅನ್ನುವುದು ಒಂಬತ್ತನೇ ಪುಟ. ಪರೀಕ್ಷೆ ಫೇಲಾದರೆ ಏನು ಮಾಡಬೇಕು ಅನ್ನುವುದು ಹನ್ನೊಂದನೆಯದು. ಬರೆದವರು ದಡ್ಡರಲ್ಲ, ಆಡಿಟರ್ ಕೇಳುವ ಕ್ರಮದಲ್ಲಿ ಬರೆದಿದ್ದಾರೆ ಅಷ್ಟೆ. ರಾತ್ರಿ ಎರಡು ಗಂಟೆಗೆ ಬೆಲ್ಟಿನ ಪಕ್ಕ ನಿಂತವನಿಗೆ ಬೇಕಾದ ಕ್ರಮ ಅದಲ್ಲ.

ಆ ರಾತ್ರಿ ಎರಡು ಗಂಟೆಗೆ ನಿಂತಿದ್ದವನು ನಮ್ಮ ದಾವಣಗೆರೆ ಕಡೆಯ ಹುಡುಗ. ಇಲ್ಲಿ ಓದಲು ಬಂದವನು, ವಾರಾಂತ್ಯಕ್ಕೆ ಏಜೆನ್ಸಿ ಮೂಲಕ ಕೆಲಸ. ಎರಡನೇ ರಾತ್ರಿ ಪಾಳಿ ಅವನಿಗೆ. ಒಂದೂವರೆಗೆ ಲೈನಿನಲ್ಲಿ ಚೀಸ್ ಬದಲಾಗಿತ್ತು. ಮೊದಲು ಓಡುತ್ತಿದ್ದದ್ದು ಉಪ್ಪೂ ತೇವವೂ ಹೆಚ್ಚಿರುವ ಎಳೆಯ ಚೀಸ್. ಉಪ್ಪುನೀರಿರುವ ಪದಾರ್ಥ ತಾನೇ ವಿದ್ಯುತ್ತನ್ನು ಹರಿಸುವುದರಿಂದ ಡಿಟೆಕ್ಟರಿಗೆ ಅದೇ ಲೋಹದ ಹಾಗೆ ಕಾಣಿಸುತ್ತದೆ. ಸುಳ್ಳು ಕೂಗು ಬರದಿರಲಿ ಅಂತ ಆ ಚೀಸಿನ ಪ್ರೋಗ್ರಾಮಿನಲ್ಲಿ ಸೂಕ್ಷ್ಮತೆ ಸ್ವಲ್ಪ ತಗ್ಗಿಸಿರುತ್ತಾರೆ. ಆಮೇಲೆ ಬಂದದ್ದು ಒಣ ಚೀಸ್, ಅದಕ್ಕೆ ಬೇರೆ ಪ್ರೋಗ್ರಾಂ ಇದೆ. ಅದನ್ನು ಯಾರೂ ಬದಲಾಯಿಸಲಿಲ್ಲ. ಎರಡು ಗಂಟೆಯ ಪರೀಕ್ಷೆಯಲ್ಲಿ ಕಬ್ಬಿಣ ಬಿತ್ತು, ಹಿತ್ತಾಳೆ ಬಿತ್ತು, ಸ್ಟೇನ್‌ಲೆಸ್ ಬೀಳಲಿಲ್ಲ. ಹುಡುಗ ಮತ್ತೆ ಹಾಕಿದ, ಬೀಳಲಿಲ್ಲ. ಮೂರನೇ ಸಲ ಬಿತ್ತು. ಫಾರ್ಮಿನಲ್ಲಿ ಟಿಕ್ ಹಾಕಿದ. ಮೂರಕ್ಕೆ, ನಾಲ್ಕಕ್ಕೆ, ಐದಕ್ಕೆ ಕೂಡ ಹಾಗೇ, ಒಂದೆರಡು ಸಲ ಹಾಕಿ ಟಿಕ್. ಬೆಳಿಗ್ಗೆ ಆರಕ್ಕೆ ಬಂದ ಹಳೆಯ ಹೆಂಗಸೊಬ್ಬರು ಒಂದೇ ಸಲ ಹಾಕಿ, ಬೀಳದೇ ಹೋದಾಗ ಲೈನ್ ನಿಲ್ಲಿಸಿದರು.

ನಿಯಮ ಏನೆಂದರೆ, ಪರೀಕ್ಷೆ ಫೇಲಾದರೆ ಕೊನೆಯ ಒಳ್ಳೆಯ ಪರೀಕ್ಷೆಯಿಂದ ಈಚೆಗೆ ಹೋದ ಪ್ರತಿ ಪ್ಯಾಕೆಟ್ಟನ್ನೂ ತಡೆಹಿಡಿಯಬೇಕು. ನಿಮಿಷಕ್ಕೆ 40 ಪ್ಯಾಕೆಟ್. ಎರಡು ಗಂಟೆಗೇ ನಿಲ್ಲಿಸಿದ್ದರೆ ಒಂದರಿಂದ ಎರಡರವರೆಗಿನ 2400 ಪ್ಯಾಕೆಟ್ ಮಾತ್ರ. ಹುಡುಗನನ್ನು ಕೇಳಿ ನಡೆದದ್ದು ಗೊತ್ತಾದಾಗ ಒಂದರಿಂದ ಆರರವರೆಗೆ, ಐದು ಗಂಟೆಯ 12,000 ಪ್ಯಾಕೆಟ್ ಹಿಡಿದಿಟ್ಟು, ಎಲ್ಲವನ್ನೂ ಇನ್ನೊಂದು ಸರಿಯಾದ ಡಿಟೆಕ್ಟರಿನಲ್ಲಿ ಮತ್ತೆ ಓಡಿಸಬೇಕಾಯಿತು. ಪುಣ್ಯಕ್ಕೆ ಏನೂ ಸಿಗಲಿಲ್ಲ, ಲಾರಿ ಕೂಡ ಇನ್ನೂ ಹೊರಟಿರಲಿಲ್ಲ.

ಮೀಟಿಂಗಿನಲ್ಲಿ ಎಲ್ಲರೂ ಹೇಳಿದ್ದು ಒಂದೇ: "ಅವನಿಗೆ ಮತ್ತೆ ತರಬೇತಿ ಕೊಡಿ." ನಾನು ಹುಡುಗನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕೇಳಿದೆ.

"ಸರ್, ಮೂರನೇ ಸಲ ಪಾಸಾಯ್ತಲ್ಲ, ಅದಕ್ಕೆ ಟಿಕ್ ಹಾಕ್ದೆ. ಎಷ್ಟು ಸಲ ಹಾಕ್ಬೋದು ಅಂತ ಯಾರೂ ಹೇಳಿರ್ಲಿಲ್ಲ."

"ಎಸ್‌ಒಪಿ ಓದಿದೀನಿ ಅಂತ ಸಹಿ ಹಾಕಿದ್ಯಲ್ಲಪ್ಪಾ?"

"ಹಾಕಿದೀನಿ ಸರ್. ಮೊದಲನೇ ದಿನ ಒಂಬತ್ತು ಎಸ್‌ಒಪಿ ಕೊಟ್ರು, ಒಂದು ಗಂಟೆ ಟೈಮು. ಒಂಬತ್ತಕ್ಕೂ ಸಹಿ ಹಾಕಿದೀನಿ."

ಅವನ ಮೇಲೆ ಸಿಟ್ಟು ಮಾಡುವ ಮುಖ ನನಗಿರಲಿಲ್ಲ. ಆ ಸಹಿಯ ಫಾರ್ಮನ್ನು ತಯಾರಿಸಿದವನು ನಾನೇ!

ಆಮೇಲೆ ಒಂದು ಪುಟದ ಚೆಕ್‌ಲಿಸ್ಟ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಆಫೀಸಿನಲ್ಲಿ ಕೂತು, ಹದಿನಾಲ್ಕು ಪುಟದ ಪ್ರತಿ ಪ್ಯಾರಾವನ್ನೂ ಒಂದೊಂದು ಸಾಲಿಗೆ ಹಿಂಡಿದೆ. ಹತ್ತೊಂಬತ್ತು ಸಾಲು ಬಂತು, ಅಕ್ಷರ ಇರುವೆ ಗಾತ್ರ. ಪುಟ ಒಂದೇ ಆಗಿತ್ತು ನಿಜ, ಆದರೆ ಅದು ಚಿಕ್ಕದಾದ ಎಸ್‌ಒಪಿ, ಚೆಕ್‌ಲಿಸ್ಟ್ ಅಲ್ಲ. ನನ್ನ ಅಭಿಪ್ರಾಯದಲ್ಲಿ ಈ ಕೆಲಸ ಹೆಚ್ಚಾಗಿ ಹಾಳಾಗುವುದು ಇಲ್ಲೇ. ದಾಖಲೆಯಿಂದ ಚೀಟಿ ಮಾಡಲು ಹೋಗುತ್ತೇವೆ. ಮಾಡಬೇಕಾದ್ದು ಕೈಗಳನ್ನು ನೋಡಿ.

ಎರಡು ಪಾಳಿ ಲೈನಿನ ಪಕ್ಕ ನಿಂತೆ. ಎಸ್‌ಒಪಿ ಕೈಯಲ್ಲಿರಲಿಲ್ಲ, ಖಾಲಿ ಪುಸ್ತಕ ಮಾತ್ರ. ಹಳಬರು, ಹೊಸಬರು ಪರೀಕ್ಷೆ ಮಾಡುವಾಗ ಅವರ ಕೈ ಏನು ಮಾಡುತ್ತದೆ ಅಂತ ಬರೆದುಕೊಂಡೆ. ಕೆಲವರು ಕಾರ್ಡನ್ನು ಬರೀ ಬೆಲ್ಟಿನ ಮೇಲಿಟ್ಟು ಕಳಿಸುತ್ತಿದ್ದರು, ಪ್ಯಾಕೆಟ್ ಇಲ್ಲದೆ. ಹಾಗಾದರೆ ಚೀಸಿನ ಉಪ್ಪುನೀರಿನ ಮರೆಯಲ್ಲಿ ಗುಂಡು ಕಾಣುತ್ತದೋ ಇಲ್ಲವೋ ಅನ್ನುವುದು ಗೊತ್ತೇ ಆಗುವುದಿಲ್ಲ. ಇನ್ನು ಕೆಲವರು ಬೆಲ್ಟಿನ ಅಂಚಿನಲ್ಲಿ ಇಡುತ್ತಿದ್ದರು, ಯಾಕೆಂದರೆ ಅವರು ನಿಲ್ಲುವುದು ಅಂಚಿನಲ್ಲಿ, ಕೈಗೆ ಹತ್ತಿರ. ಆದರೆ ಈ ಯಂತ್ರಗಳಲ್ಲಿ ಬಾಯಿಯ ಗೋಡೆಗಳ ಹತ್ತಿರ ದೃಷ್ಟಿ ಚುರುಕು, ನಟ್ಟನಡುವೆಯೇ ಮಂಕು. ಅಂಚಿನಲ್ಲಿ ಪಾಸಾದರೆ ನಡುವೆ ಪಾಸಾಗುತ್ತದೆ ಅನ್ನುವ ಹಾಗಿಲ್ಲ. ಪರೀಕ್ಷೆ ಅಂದಮೇಲೆ ಕಷ್ಟದ ಜಾಗದಲ್ಲೇ ಮಾಡಬೇಕು.

ಮೂರನೆಯದನ್ನು ನೋಡಿ ನಾನೇ ಬೆಚ್ಚಿದೆ. ಹಳಬರಲ್ಲೇ ಹಲವರು "ಪೀಪ್" ಅಂತ ಸದ್ದಾದ ತಕ್ಷಣ ಕೈ ಚಾಚಿ ಪ್ಯಾಕೆಟ್ಟನ್ನು ಹಿಡಿದುಬಿಡುತ್ತಿದ್ದರು. ಕಾರ್ಡು ಡಬ್ಬಕ್ಕೆ ಬಿದ್ದರೆ ಬೀಗ ತೆಗೆಸಬೇಕು, ಅದಕ್ಕೆ ಶಿಫ್ಟ್ ಲೀಡರ್ ಬರಬೇಕು, ಎರಡು ನಿಮಿಷ ಹೋಗುತ್ತದೆ. ಹಾಗಾಗಿ ಈ ಉಪಾಯ. ಇದರಿಂದ ಡಿಟೆಕ್ಟರಿನ ಕಿವಿ ಪರೀಕ್ಷೆ ಆಯಿತೇ ಹೊರತು ತಳ್ಳುಗೋಲಿನ ಪರೀಕ್ಷೆ ಆಗಲೇ ಇಲ್ಲ. ಯಂತ್ರ ಕೂಗಿ, ಪ್ಯಾಕೆಟ್ ಮಾತ್ರ ನೇರ ಅಂಗಡಿಗೆ ಹೋದರೆ ಏನು ಪ್ರಯೋಜನ? ಎಸ್‌ಒಪಿಯಲ್ಲಿ ಇದಕ್ಕೆ ಇದ್ದದ್ದು ಒಂದೇ ವಾಕ್ಯ: "ನಿರಾಕರಣಾ ವ್ಯವಸ್ಥೆಯ ಕಾರ್ಯವನ್ನು ದೃಢಪಡಿಸಿಕೊಳ್ಳಬೇಕು." ಯಾರಿಗೆ ಏನು ಅರ್ಥವಾಗಬೇಕು ಹೇಳಿ.

ಹೀಗೆ ನಾಲ್ಕು ತಪ್ಪು ಸಿಕ್ಕಿದವು, ಹುಡುಗ ಮಾಡಿದ "ಪಾಸಾಗುವವರೆಗೆ ಹಾಕು" ಅನ್ನುವುದೂ ಸೇರಿ. ಉತ್ಪನ್ನದ ಪ್ರೋಗ್ರಾಂ ಸೇರಿದರೆ ಐದು. ಚೀಟಿ ಇರಬೇಕಾದ್ದು ಈ ಐದಕ್ಕೆ ಮಾತ್ರ. ಯಾರೂ ತಪ್ಪು ಮಾಡದ ಹೆಜ್ಜೆಗೆ ಅದರಲ್ಲಿ ಜಾಗ ಬೇಡ. "ಕೈಗವಸು ಧರಿಸಿ" ಅಂತ ಮೊದಲ ಕರಡಿನಲ್ಲಿತ್ತು. ಕೈಗವಸು ಇಲ್ಲದೆ ಆ ಹಾಲಿನೊಳಗೆ ಯಾರೂ ಕಾಲಿಡುವುದೇ ಇಲ್ಲ, ತೆಗೆದೆ.

ಕೊನೆಗೆ ಉಳಿದದ್ದು ಇದು, ಕನ್ನಡದಲ್ಲಿ ಹೇಳುವುದಾದರೆ:

1. ಪರದೆಯ ಮೇಲಿನ ಹೆಸರು, ಪ್ಯಾಕೆಟ್ ಮೇಲಿನ ಹೆಸರು ಒಂದೇ ಇರಬೇಕು. ಬೇರೆ ಇದ್ದರೆ ಲೈನ್ ಓಡಿಸಬೇಡಿ.
2. ಕಬ್ಬಿಣದ ಕಾರ್ಡನ್ನು ಚೀಸ್ ಪ್ಯಾಕೆಟ್ ಮೇಲಿಡಿ. ಪ್ಯಾಕೆಟ್ ಬೆಲ್ಟಿನ ನಟ್ಟನಡುವೆ ಇರಲಿ.
3. ಕೈ ಹಿಂದೆ. ಪ್ಯಾಕೆಟ್ ತಾನಾಗಿಯೇ ಕೆಂಪು ಡಬ್ಬಕ್ಕೆ ಬೀಳಬೇಕು.
4. ಹಿತ್ತಾಳೆ ಕಾರ್ಡು, ಸ್ಟೇನ್‌ಲೆಸ್ ಕಾರ್ಡು – ಅದೇ ರೀತಿ.
5. ಮೂರೂ ಬಿದ್ದರೆ: ಸಮಯ ಮತ್ತು "3/3" ಬರೆಯಿರಿ. ಮೂರೂ ಕಾರ್ಡು ಪೆಟ್ಟಿಗೆಗೆ ವಾಪಸ್ ಬಂತೇ, ಎಣಿಸಿ.
6. ಒಂದು ಬೀಳದಿದ್ದರೂ: ಎರಡನೇ ಸಲ ಹಾಕಬೇಡಿ. ಬೆಲ್ಟ್ ನಿಲ್ಲಿಸಿ. ಶಿಫ್ಟ್ ಲೀಡರನ್ನು ಕರೆಯಿರಿ. ಕೊನೆಯ 3/3 ಆದಮೇಲಿನ ಪ್ಯಾಕೆಟ್ ಯಾವುದೂ ಹೊರಗೆ ಹೋಗಬಾರದು.

ಆರನೆಯದು ಪುಟದ ಕೆಳಗಿನ ಅರ್ಧ ಭಾಗ ಪೂರ್ತಿ, ದೊಡ್ಡ ಅಕ್ಷರದಲ್ಲಿ. ಹನ್ನೊಂದನೇ ಪುಟದಲ್ಲಿ ಅಡಗಿದ್ದದ್ದು ಅರ್ಧ ಚೀಟಿ ಆಕ್ರಮಿಸಿತು. ಪ್ರತಿ ಸಾಲಿನ ಪಕ್ಕ ಸಣ್ಣ ಅಕ್ಷರದಲ್ಲಿ ಅರ್ಧ ಸಾಲಿನ ಕಾರಣ ಇದೆ: "ನಡುವೆ ಯಂತ್ರಕ್ಕೆ ಮಂಕು", "ಕೈ ಹಿಡಿದರೆ ತಳ್ಳುಗೋಲಿನ ಪರೀಕ್ಷೆ ಆಗುವುದಿಲ್ಲ", ಹೀಗೆ. ಕಾರಣ ಬೇಡ, ಜಾಗ ತಿನ್ನುತ್ತದೆ ಅಂತ ಕೆಲವರು ವಾದಿಸಿದರು. ನಾನು ಬಿಡಲಿಲ್ಲ. ಕಾರಣ ಗೊತ್ತಿಲ್ಲದ ಹೆಜ್ಜೆಯನ್ನು ಜನ ಆತುರದಲ್ಲಿ ಮೊದಲು ಬಿಡುತ್ತಾರೆ. ಕಾರ್ಡು ಎಣಿಸುವುದನ್ನೇ ನೋಡಿ. ಕಳೆದುಹೋದ ಕಾರ್ಡು ಚೀಸಿನ ಪೆಟ್ಟಿಗೆಯೊಳಗೆ ಸೇರಿದರೆ ಗ್ರಾಹಕನಿಗೆ ಪ್ಲಾಸ್ಟಿಕ್ಕನ್ನೂ ಲೋಹವನ್ನೂ ನಾವೇ ಕಳಿಸಿದ ಹಾಗಾಗುತ್ತದೆ ಅಂತ ತಿಳಿದವನು ಎಣಿಸುತ್ತಾನೆ.

ಟಿಕ್ ಬಗ್ಗೆ ಒಂದು ಮಾತು. ನನಗೆ ಟಿಕ್ ಬಾಕ್ಸ್ ಕಂಡರೆ ಆಗುವುದಿಲ್ಲ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಖಾಲಿ ಚೌಕ ಕಂಡರೆ ಕೈ ತಾನಾಗಿ ಟಿಕ್ ಎಳೆಯುತ್ತದೆ. ಪಾಳಿಯ ಕೊನೆಗೆ ಕೂತು ಎಂಟು ಟಿಕ್ ಒಟ್ಟಿಗೆ ಎಳೆದದ್ದನ್ನೂ ನೋಡಿದ್ದೇನೆ. ಎಂಟಕ್ಕೂ ಒಂದೇ ಪೆನ್ನು, ಒಂದೇ ಓರೆ, ನೋಡಿದ ಕೂಡಲೇ ತಿಳಿಯುತ್ತದೆ. ಟಿಕ್ಕಿಗೆ "ಇಲ್ಲ" ಅನ್ನಲು ಬರುವುದಿಲ್ಲ. 2/3 ಅಂತ ಬರೆಯಲು ಜಾಗವಿದ್ದಿದ್ದರೆ ಆ ಹುಡುಗ ಅದನ್ನೇ ಬರೆಯುತ್ತಿದ್ದ ಅಂತ ನನ್ನ ನಂಬಿಕೆ. ಸುಳ್ಳು ಹೇಳುವ ಹುಡುಗ ಅಲ್ಲ ಅವನು.

ನಮ್ಮ ಬೈಟನ್‌ವೆಲ್ಡರ್ಟ್‌ನಲ್ಲಿ ಇರುವವರಿಗೆ ವಿಮಾನದ ಸದ್ದು ಹೊಸದಲ್ಲ, ಸ್ಕಿಪೋಲಿನ ಒಂದು ರನ್‌ವೇಗೆ ನಮ್ಮ ಬಡಾವಣೆಯ ಹೆಸರೇ ಇದೆ! ಚೆಕ್‌ಲಿಸ್ಟ್ ಅಂದರೆ ಎಲ್ಲರೂ ವಿಮಾನದ ಉದಾಹರಣೆಯನ್ನೇ ಕೊಡುತ್ತಾರೆ. 1935ರ ಅಕ್ಟೋಬರ್ 30ರಂದು ಅಮೆರಿಕದ ಒಹಾಯೋದಲ್ಲಿ ಬೋಯಿಂಗ್ ಕಂಪನಿಯ ಮಾಡೆಲ್ 299 ಅನ್ನುವ ಹೊಸ ವಿಮಾನ ಮೇಲೇರಿದ ಕೂಡಲೇ ಬಿತ್ತು. ನಿಂತಾಗ ಗಾಳಿಗೆ ನಿಯಂತ್ರಣ ಫಲಕಗಳು ಅಲ್ಲಾಡದಂತೆ ಹಾಕುವ ಲಾಕನ್ನು ತೆಗೆಯಲು ನುರಿತ ಪೈಲಟ್ ಮರೆತಿದ್ದರು. ಆಮೇಲೆ ಪೈಲಟ್‌ಗಳ ಚೆಕ್‌ಲಿಸ್ಟ್ ಬಂತು. ಕಥೆ ಸರಿಯೇ, ಆದರೆ ಒಂದು ವ್ಯತ್ಯಾಸ ಮರೆಯಬಾರದು. ಅಲ್ಲಿ ಕೆಲಸ ಬಲ್ಲವನು ಮರೆಯದಿರಲಿ ಅಂತ ಚೀಟಿ. ಮೊದಲು ಮಾಡಿ, ನಂತರ ಓದಿ ಸರಿನೋಡಿದರೂ ಅವನಿಗೆ ಸಾಕು. ನಮ್ಮಲ್ಲಿ ಕೆಲಸವನ್ನೇ ಅರಿಯದವನ ಕೈಗೆ ಚೀಟಿ. ಅವನು ಒಂದು ಸಾಲು ಓದಿ, ಅದನ್ನು ಮಾಡಿ, ಮುಂದಿನ ಸಾಲಿಗೆ ಹೋಗಬೇಕು. ಎರಡನ್ನೂ ಒಂದೇ ಪುಟದಲ್ಲಿ ಬೆರೆಸಿದರೆ ಇಬ್ಬರಿಗೂ ಉಪಯೋಗಕ್ಕೆ ಬಾರದು.

ಶಾಪ್ ಫ್ಲೋರಿಗೆ ಹತ್ತಿರದ ಪೂರ್ವಜ ಬೇರೆ ಇದೆ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಕಾರ್ಖಾನೆಗಳಿಗೆ ಒಮ್ಮೆಗೇ ಲಕ್ಷಗಟ್ಟಲೆ ಹೊಸಬರು ಬಂದಾಗ, 1940ರಲ್ಲಿ ಸರ್ಕಾರ ಟ್ರೈನಿಂಗ್ ವಿದಿನ್ ಇಂಡಸ್ಟ್ರಿ ಅನ್ನುವ ಕಾರ್ಯಕ್ರಮ ಶುರು ಮಾಡಿತು. ಅದರಲ್ಲಿ ಒಂದು ಕೆಲಸವನ್ನು ಎರಡು ಕಾಲಮ್ಮಿನ ಹಾಳೆಗೆ ಇಳಿಸುತ್ತಿದ್ದರು: ಒಂದು ಕಡೆ ಮುಖ್ಯ ಹೆಜ್ಜೆ, ಇನ್ನೊಂದು ಕಡೆ ಆ ಹೆಜ್ಜೆ ಕೆಡದಂತೆ ನೋಡಿಕೊಳ್ಳುವ ಗುಟ್ಟು. ಯುದ್ಧ ಮುಗಿದ ಮೇಲೆ ಅದು ಜಪಾನಿಗೆ ಹೋಗಿ ಟೊಯೋಟಾದವರ ಕೈಸೇರಿತು. ಆದರೆ ಆ ಹಾಳೆ ಕಲಿಯುವವನಿಗಾಗಿ ಇರಲಿಲ್ಲ! ಕಲಿಸುವವನ ಟಿಪ್ಪಣಿ ಅದು. ಕಲಿಸುವವನು ಅದನ್ನು ನೋಡಿಕೊಂಡು ಮಾಡಿ ತೋರಿಸಬೇಕು, ನಂತರ ಹೊಸಬನ ಕೈಯಲ್ಲಿ ಮಾಡಿಸಿ, ಮಾಡುತ್ತಾ ಬಾಯಲ್ಲಿ ಹೇಳಿಸಬೇಕು. ಚೀಟಿ ಅಂಟಿಸಿದರೆ ಕಲಿಸಿದ ಹಾಗಾಯಿತು ಅಂತ ತಿಳಿಯುವ ಮ್ಯಾನೇಜರುಗಳಿಗೆ ನಾನು ಇದನ್ನೇ ಹೇಳುವುದು. ನಮ್ಮಲ್ಲಿ ಈಗ ಹೊಸಬರು ಮೂರು ಸಲ ಶಿಫ್ಟ್ ಲೀಡರ್ ಎದುರು ಮಾಡಿ ತೋರಿಸಿದ ಮೇಲೆಯೇ ಸಹಿ. ಅದರಲ್ಲಿ ಒಂದು ಸಲ ಬೇಕೆಂತಲೇ ತಪ್ಪು ಪ್ರೋಗ್ರಾಂ ಹಾಕಿಟ್ಟಿರುತ್ತಾರೆ, ಲೈನನ್ನು ಓಡಿಸದೆ ನಿಲ್ಲಿಸುತ್ತಾರೋ ಅಂತ ನೋಡಲು.

ಕರಡು ಪರೀಕ್ಷೆ ಮಾಡಿದ್ದನ್ನೂ ಹೇಳಬೇಕು. ಲೈನ್ ಕಂಡೇ ಇಲ್ಲದ ಒಬ್ಬರನ್ನು, ನಮ್ಮ ಅಕೌಂಟ್ಸ್ ವಿಭಾಗದ ಹೆಂಗಸನ್ನು, ಕರೆತಂದು ಚೀಟಿ ಕೊಟ್ಟು ನಾನು ಬಾಯಿ ಮುಚ್ಚಿ ನಿಂತೆ. ಬಾಯಿ ಮುಚ್ಚಿ ನಿಲ್ಲುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. "ರಿಜೆಕ್ಟ್ ಯೂನಿಟ್" ಅಂತ ಬರೆದ ಕಡೆ ಆಕೆ ಸುತ್ತಮುತ್ತ ಹುಡುಕುತ್ತಾ ನಿಂತರು. ಫ್ಲೋರಿನಲ್ಲಿ ಎಲ್ಲರೂ ಅದನ್ನು ಕರೆಯುವುದು "ರೋಡೆ ಬಾಕ್", ಕೆಂಪು ಡಬ್ಬ, ಅಂತ. ಹಾಗೇ ಬರೆದೆ. ಅವರು ಎಲ್ಲಿ ತಡೆದರೋ ಅಲ್ಲಿ ತಪ್ಪು ಅವರದಲ್ಲ, ಸಾಲಿನದು. ಹೀಗೆ ನಾಲ್ಕು ಜನರ ಮೇಲೆ, ನಾಲ್ಕು ಕರಡು. ಆಮೇಲೆ ಡಚ್, ಇಂಗ್ಲಿಷ್, ಪೋಲಿಷ್ ಮೂರಕ್ಕೂ ಬೇರೆ ಬೇರೆ ಹಾಳೆ. ಒಂದೇ ಹಾಳೆಯಲ್ಲಿ ಮೂರು ಭಾಷೆ ತುರುಕಿದರೆ ಮತ್ತೆ ಇರುವೆ ಅಕ್ಷರವೇ.

ಎಸ್‌ಒಪಿ ಏನಾಯಿತು ಅಂತ ಕೇಳುತ್ತೀರಾ? ಹದಿನಾಲ್ಕು ಪುಟವೂ ಹಾಗೇ ಇದೆ, ಇರಬೇಕು. ಸೂಕ್ಷ್ಮತೆಯನ್ನು ಯಾರು ಬದಲಾಯಿಸಬಹುದು, ತಂತ್ರಜ್ಞರು ಏನು ಪರೀಕ್ಷಿಸುತ್ತಾರೆ, ತಡೆಹಿಡಿದ ಪ್ಯಾಕೆಟ್ಟನ್ನು ಯಾರು ಬಿಡುಗಡೆ ಮಾಡುತ್ತಾರೆ, ಇದೆಲ್ಲ ಅಲ್ಲೇ. ಚೀಟಿಯ ಮೂಲೆಯಲ್ಲಿ ಎಸ್‌ಒಪಿಯ ಸಂಖ್ಯೆ ಮತ್ತು ಆವೃತ್ತಿ ಬರೆದಿದೆ. ಇಲ್ಲೂ ಒಮ್ಮೆ ಎಡವಿದ್ದೇವೆ. ಎಸ್‌ಒಪಿ ಬದಲಾಯಿತು, ಒಂದನೇ ಲೈನಿಗೆ ಹೊಸ ಚೀಟಿ ಬಂತು, ಮೂರನೇ ಲೈನಿನಲ್ಲಿ ಲ್ಯಾಮಿನೇಟ್ ಮಾಡಿದ ಹಳೆಯದು ಎರಡು ತಿಂಗಳು ಗಟ್ಟಿಯಾಗಿ ಅಂಟಿಕೊಂಡಿತ್ತು. ಈಗ ಹಳೆಯದನ್ನು ಕೈಗೆ ತಂದುಕೊಟ್ಟರೆ ಮಾತ್ರ ಹೊಸದನ್ನು ಕೊಡುತ್ತೇನೆ, ರೇಷನ್ ಅಂಗಡಿಯ ಹಾಗೆ.

ಎಲ್ಲವೂ ಒಂದು ಪುಟಕ್ಕೆ ಇಳಿಯುತ್ತದೆ ಅಂತಲೂ ನಾನು ಹೇಳುವುದಿಲ್ಲ. ಬೀಜ ಬೆರೆಸಿದ ಚೀಸ್ ಓಡಿದ ಮೇಲೆ ಅಲರ್ಜಿಗಾಗಿ ಇಡೀ ಲೈನ್ ಬಿಚ್ಚಿ ತೊಳೆಯುವ ಕೆಲಸವನ್ನು ಪ್ರಯತ್ನಿಸಿ ಸೋತೆ. ಕೊನೆಗೆ ಅದನ್ನು ನಿಲ್ಲುವ ಜಾಗದ ಪ್ರಕಾರ ನಾಲ್ಕು ಚೀಟಿ ಮಾಡಿದ್ದೇನೆ, ತುರಿಯುವ ಯಂತ್ರದವನಿಗೆ ಒಂದು, ತೂಗುವವನಿಗೆ ಒಂದು, ಹೀಗೆ. ಅದು ಸರಿಯೋ ಇಲ್ಲವೋ ಇನ್ನೂ ನೋಡುತ್ತಿದ್ದೇನೆ.

ಡಿಟೆಕ್ಟರ್ ಚೀಟಿ ಅಂಟಿಸಿದ ಮೊದಲ ವಾರ ಲೈನ್ ಎರಡು ಸಲ ನಿಂತಿತು. ಪ್ರೊಡಕ್ಷನ್ ಮ್ಯಾನೇಜರ್ ನನ್ನ ಕಡೆ ಕಣ್ಣು ಕೆಂಪು ಮಾಡಿದರು. ಒಂದು ಸಲ ಕಾರ್ಡನ್ನು ತಪ್ಪಾಗಿ ಇಟ್ಟದ್ದು, ಸುಳ್ಳು ಕೂಗು. ಎರಡನೆಯದು ಹಾಗಲ್ಲ. ಒಬ್ಬ ಪೋಲಿಷ್ ಹುಡುಗಿ, ಬಂದು ನಾಲ್ಕು ದಿನ ಆಗಿತ್ತು, ಕೈ ಹಿಂದೆ ಕಟ್ಟಿ ನಿಂತು ನೋಡಿದಳಂತೆ. ಯಂತ್ರ ಕೂಗಿತು, ತಳ್ಳುಗೋಲು ಬಂದದ್ದು ಪ್ಯಾಕೆಟ್ ದಾಟಿ ಹೋದ ಮೇಲೆ. ಗಾಳಿಯ ಪೈಪ್ ಎಲ್ಲೋ ಸೋರುತ್ತಿತ್ತು, ಒತ್ತಡ ಇಳಿದಿತ್ತು. ಅವಳು 2/3 ಅಂತ ಬರೆದು ಬೆಲ್ಟ್ ನಿಲ್ಲಿಸಿದಳು. ಒಂದು ಗಂಟೆಯ 2400 ಪ್ಯಾಕೆಟ್ ಮತ್ತೆ ಓಡಿಸಿದೆವು, ಪೈಪ್ ಬದಲಾಯಿಸಿದರು.

ಆ ಗೆಳೆಯರಿಗೆ ಈ ಫಾರ್ಮಿನ ನಕಲು ಕಳಿಸಿದ್ದೇನೆ. ನಿಮ್ಮಲ್ಲಿ ಯಾರಾದರೂ ಇಂಥ ಚೀಟಿ ಮಾಡಿದ್ದರೆ, ಅದರಲ್ಲೂ ತೊಳೆಯುವ ಕೆಲಸದ್ದು ಮಾಡಿದ್ದರೆ, ಸಂಪಾದಕರ ಮೂಲಕ ನನಗೂ ಒಂದು ಪ್ರತಿ ಕಳಿಸಿ. ಯುಗಾದಿ ಕೂಟದಲ್ಲಿ ಸಿಗೋಣ.